ಪದ ಪರಿಚಯ: ತಾಳೆ

‘ಲೆಕ್ಕ ತಾಳೆ ಆಗ್ತಿಲ್ಲ’ ಅನ್ನುವ ಮಾತನ್ನು ಹಾಲಿನ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಕೇಳಿರುತ್ತೀರಿ. ಈಗಿನ ಆಫೀಸುಗಳಲ್ಲಿ ‘ಟ್ಯಾಲಿ ಆಗ್ತಿಲ್ಲ’ ಅನ್ನುವವರೇ ಜಾಸ್ತಿ. ಒಂದೇ ಲೆಕ್ಕ ಎರಡು ಮೂರು ಕಡೆ ಬರೆದಿದ್ದರೆ, ಅವನ್ನು ಅಕ್ಕಪಕ್ಕ ಇಟ್ಟು ಒಂದಕ್ಕೊಂದು ಸರಿಹೋಗುತ್ತವೆಯೇ ಎಂದು ನೋಡುವುದೇ ತಾಳೆ ನೋಡುವುದು. ಎಣ್ಣೆ ಕೊಡುವ ತಾಳೆ ಮರದ ವಿಷಯ ಬೇರೆ, ಅದನ್ನು ಬಿಡಿ.

ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ: ಹೊಂದಿಸುವುದು. ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ತಾಳೆ ನೋಡುವವನು ವ್ಯತ್ಯಾಸವನ್ನು ಹುಡುಕುತ್ತಾನೆ. ಹೊಂದಿಸುವವನು ಅದನ್ನು ಅಳಿಸುತ್ತಾನೆ. ಅನುದಾನದ ಅರ್ಜಿಗಳನ್ನು, ಅಂದರೆ ಪ್ರಪೋಸಲ್‌ಗಳನ್ನು ಪರಿಶೀಲಿಸಲು ಕೂತವರಿಗೆ ಈ ಭೇದ ಗೊತ್ತಿರಲೇಬೇಕು.

ಪ್ರಪೋಸಲ್‌ನಲ್ಲಿ ಬಜೆಟ್ ಸಾಮಾನ್ಯವಾಗಿ ಮೂರು ಕಡೆ ಬರುತ್ತದೆ. ಯೋಜನೆಯ ವಿವರಣೆಯಲ್ಲಿ ‘ಒಟ್ಟು ಇಷ್ಟು ಲಕ್ಷ ಬೇಕು’ ಎಂಬ ಸಾಲು ಇರುತ್ತದೆ. ಆಮೇಲೆ ಒಂದು ಪುಟದ ಸಾರಾಂಶ ಪಟ್ಟಿ, ಬಾಬ್ತಿಗೊಂದು ಸಾಲಿನಂತೆ. ಕೊನೆಯಲ್ಲಿ ಅನುಬಂಧಗಳು. ಎಷ್ಟು ಜನ, ಎಷ್ಟು ತಿಂಗಳು, ಯಾವ ದರ ಎಂಬುದೆಲ್ಲ ಅಲ್ಲಿರುತ್ತದೆ. ವಿವರಣೆ ಬರೆಯುವವರು ಒಬ್ಬರು, ಲೆಕ್ಕ ಮಾಡುವವರು ಇನ್ನೊಬ್ಬರು. ಕೊನೇ ದಿನ ರಾತ್ರಿ ಎಲ್ಲವನ್ನೂ ಜೋಡಿಸಿ ಕಳಿಸುತ್ತಾರೆ. ತಾಳೆ ತಪ್ಪದಿದ್ದರೇ ಆಶ್ಚರ್ಯ.

ನನ್ನ ಕೈಗೆ ಒಮ್ಮೆ ಬಂದ ಪ್ರಪೋಸಲ್ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಬದಲಿಸಿದ್ದೇನೆ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಸಂಜೆ ಓದಿನ ಕೇಂದ್ರ ನಡೆಸುವ ಯೋಜನೆ ಅದು. ವಿವರಣೆ ಹೇಳುತ್ತಿದ್ದ ಒಟ್ಟು ಮೊತ್ತ 19.45 ಲಕ್ಷ. ಸಾರಾಂಶ ಪಟ್ಟಿಯಲ್ಲಿ 17,06,000. ಅನುಬಂಧಗಳನ್ನು ನಾನೇ ಕೂಡಿದಾಗ ಬಂದದ್ದು 17,60,000.

ಯಾವುದು ಸರಿ ಅಂತ ಆಗಲೇ ಕೇಳಿಕೊಂಡರೆ ದಾರಿ ತಪ್ಪುತ್ತದೆ. ಎಲ್ಲಕ್ಕಿಂತ ಕೆಳಗಿನ ಲೆಕ್ಕದಿಂದ, ಅಂದರೆ ಅನುಬಂಧದಿಂದ ಶುರು ಮಾಡಬೇಕು. ದರ, ಸಂಖ್ಯೆ, ತಿಂಗಳು ಮೂರೂ ಅಲ್ಲಿರುವುದರಿಂದ ನಾವೇ ಗುಣಿಸಿ ನೋಡಬಹುದು. ಒಬ್ಬ ಸಂಯೋಜಕರಿಗೆ ತಿಂಗಳಿಗೆ 28,000, ನಾಲ್ವರು ಶಿಕ್ಷಕರಿಗೆ ತಲಾ 14,000. ಹನ್ನೆರಡು ತಿಂಗಳಿಗೆ ಸಂಬಳದ ಬಾಬ್ತು 10,08,000. ಪುಸ್ತಕ ಮತ್ತು ಟ್ಯಾಬ್ಲೆಟ್‌ಗೆ 3,60,000. ತರಬೇತಿ, ಓಡಾಟಕ್ಕೆ 2,32,000. ಇಷ್ಟಕ್ಕೆ 16 ಲಕ್ಷ. ಅದರ ಶೇ. 10ರಷ್ಟು ಆಡಳಿತ ವೆಚ್ಚ, 1,60,000. ಅನುಬಂಧಗಳ ಗುಣಾಕಾರ, ಕೂಡುವಿಕೆ ಎಲ್ಲ ಸರಿ ಇತ್ತು.

ಈಗ ಸಾರಾಂಶ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ: 54,000. ಹಳೇ ಗುಮಾಸ್ತರಿಗೆ ಗೊತ್ತಿರುವ ಒಂದು ಉಪಾಯ ಇದೆ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇಲ್ಲಿ 54ನ್ನು 9ರಿಂದ ಭಾಗಿಸಿದರೆ 6. ಹಾಗಾದರೆ ಒಂದಕ್ಕೊಂದು 6 ವ್ಯತ್ಯಾಸ ಇರುವ ಎರಡು ಅಂಕಿ ಪಕ್ಕಪಕ್ಕದಲ್ಲಿ ಎಲ್ಲಿವೆ? ಟ್ಯಾಬ್ಲೆಟ್ ಸಾಲಿನಲ್ಲಿ. ಅನುಬಂಧದ 3,60,000 ಸಾರಾಂಶದಲ್ಲಿ 3,06,000 ಆಗಿ ಕೂತಿತ್ತು. ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ. ಯಾವ ವ್ಯತ್ಯಾಸವಾದರೂ ಒಂಬತ್ತರಲ್ಲಿ ಒಂದು ಸಲ ಸುಮ್ನೆ ಹಾಗೇ ಭಾಗವಾಗಬಹುದು. ಸಾಕ್ಷಿ ಬೇರೆ ಕಡೆ ಸಿಕ್ಕಿತು. ಅದೇ ಪಟ್ಟಿಯಲ್ಲಿ ಆಡಳಿತ ವೆಚ್ಚ 1,60,000 ಎಂದೇ ಇತ್ತು. ಟ್ಯಾಬ್ಲೆಟ್‌ಗೆ ನಿಜವಾಗಿಯೂ 3,06,000 ಆಗಿದ್ದರೆ ಮೂರು ಬಾಬ್ತು ಸೇರಿ 15,46,000 ಆಗಬೇಕು, ಅದರ ಶೇ. 10 ಎಂದರೆ 1,54,600. ಪಟ್ಟಿ ಮಾಡಿದವರ ಕಣ್ಣ ಮುಂದೆ 16 ಲಕ್ಷವೇ ಇತ್ತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಅಂದರೆ ಆ ಪಟ್ಟಿಯಲ್ಲಿ ಅಂಕಿಗಳನ್ನು ಅನುಬಂಧದಿಂದ ಎಳೆದುಕೊಂಡಿಲ್ಲ, ಕೈಯಲ್ಲಿ ಟೈಪ್ ಮಾಡಿದ್ದಾರೆ. ಪಿಡಿಎಫ್‌ನಲ್ಲಿ ಇದು ಕಾಣುವುದಿಲ್ಲ. ಎಕ್ಸೆಲ್ ಫೈಲನ್ನೇ ತರಿಸಿಕೊಂಡು, ಮೊತ್ತ ಇರುವ ಮನೆ `B8` ಆಗಿದ್ದರೆ ಖಾಲಿ ಮನೆಯೊಂದರಲ್ಲಿ ಹೀಗೆ ಕೇಳಬಹುದು:

```
=ISFORMULA(B8)
```

`FALSE` ಬಂದರೆ ಅದು ಕೈಯಲ್ಲಿ ಬರೆದ ಅಂಕಿ. `TRUE` ಬಂದರೂ ನಿಶ್ಚಿಂತೆ ಬೇಡ. ಕೊನೆಗೆ ಸೇರಿಸಿದ ಸಾಲು ಕೂಡುವ ವ್ಯಾಪ್ತಿಯ ಹೊರಗೆ ಉಳಿದಿರುವುದು ತುಂಬ ಸಾಮಾನ್ಯ.

ಇನ್ನು ವಿವರಣೆಯ 19.45 ಲಕ್ಷ. ಇದು ದುಂಡು ಮಾಡಿದ ಅಂಕಿ. ಹಾಗಾಗಿ ಆಚೀಚೆ 500 ರೂಪಾಯಿ ಬಿಟ್ಟುಬಿಡಬೇಕು. ಅನುಬಂಧಕ್ಕಿಂತ ಸುಮಾರು 1,85,000 ಜಾಸ್ತಿ. ಇಂಥ ದೊಡ್ಡ ವ್ಯತ್ಯಾಸ ಟೈಪಿಂಗ್ ತಪ್ಪಿನಿಂದ ಬರುವುದು ಕಡಿಮೆ, ಯಾವುದೋ ಒಂದು ಇಡೀ ಖರ್ಚು ಬಿಟ್ಟುಹೋಗಿರುತ್ತದೆ. ಮೊದಲು ಶೇ. 10ರ ಆಡಳಿತ ವೆಚ್ಚವನ್ನು ಕಳಚಬೇಕು. ಯಾಕೆಂದರೆ ಯಾವ ಖರ್ಚು ಸೇರಿದರೂ ಅದರ ಬಾಲದಂತೆ ಈ ಶೇ. 10 ಕೂಡ ಬರುತ್ತದೆ. 1.1ರಿಂದ ಭಾಗಿಸಿದರೆ 1,68,000 ಚಿಲ್ಲರೆ. ಅದನ್ನು 12 ತಿಂಗಳಿಗೆ ಹಂಚಿದರೆ 14,000ದ ಆಸುಪಾಸು. ಒಬ್ಬ ಶಿಕ್ಷಕರ ಸಂಬಳ! ವಿವರಣೆಯನ್ನು ಮತ್ತೆ ಓದಿದೆ. ‘ಐದು ಶಾಲೆ, ಐವರು ಶಿಕ್ಷಕರು’ ಎಂದಿತ್ತು.

ನನಗೆ ಮುಖ್ಯ ಅನ್ನಿಸುವುದು ಇಲ್ಲೇ. ಎರಡೂ ವ್ಯತ್ಯಾಸಗಳೇ, ಆದರೆ ಜಾತಿ ಬೇರೆ. 54,000 ಕೈತಪ್ಪು. 1,85,000 ಹಾಗಲ್ಲ, ಅದು ಯೋಜನೆಯ ಎರಡು ಕರಡುಗಳು ಒಂದೇ ಫೈಲಿನಲ್ಲಿ ಸೇರಿಕೊಂಡ ಗುರುತು. ಐದು ಶಾಲೆಯೋ ನಾಲ್ಕೋ? ಐದೇ ಆಗಿದ್ದರೆ ಐದನೆಯದರಲ್ಲಿ ಪಾಠ ಮಾಡುವವರು ಯಾರು? ಕ್ಯಾಲ್ಕುಲೇಟರ್ ಇದಕ್ಕೆ ಉತ್ತರ ಕೊಡುವುದಿಲ್ಲ.

ಪರಿಶೀಲಿಸುವವರಲ್ಲಿ ಕೆಲವರು ಒಳ್ಳೇ ಮನಸ್ಸಿನಿಂದಲೇ ಕಡಿಮೆ ಮೊತ್ತವನ್ನು ಹಿಡಿದು ಮಂಜೂರಾತಿಗೆ ಬರೆದುಬಿಡುತ್ತಾರೆ. ಹೊಂದಿಸುವುದು ಅಂದರೆ ಇದೇ. ಹಣ ಬಾಬ್ತುವಾರು ಮಂಜೂರಾಗುತ್ತದೆ, ವರ್ಷದ ಕೊನೆಗೆ ಹಣ ಬಳಕೆಯ ಪ್ರಮಾಣಪತ್ರವನ್ನು, ಎಲ್ಲರೂ ‘ಯುಸಿ’ ಅನ್ನುವುದನ್ನು, ಆ ಬಾಬ್ತುಗಳಿಗೇ ತೋರಿಸಬೇಕು. 3,06,000 ಮಂಜೂರಾಗಿ 3,60,000 ಖರ್ಚಾದರೆ ಸಂಸ್ಥೆ ಸಿಕ್ಕಿಹಾಕಿಕೊಳ್ಳುತ್ತದೆ. ತಪ್ಪು ಅವರದೇ, ಆದರೆ ಅದಕ್ಕೆ ಮುದ್ರೆ ಒತ್ತಿದ್ದು ನಾವು.

ಹಾಗಾಗಿ ನಾನು ತಿದ್ದಲಿಲ್ಲ, ಕೇಳಿದೆ. ಪತ್ರದಲ್ಲಿ ಎರಡೇ ಪ್ರಶ್ನೆ. ಪುಟ ಸಂಖ್ಯೆ, ಸಾಲು, ಎರಡು ಕಡೆಯ ಅಂಕಿ, ವ್ಯತ್ಯಾಸ ಇಷ್ಟನ್ನು ಬರೆದೆ. ‘ಬಹುಶಃ ಇದು ಹೀಗಾಗಿರಬೇಕು’ ಎಂಬ ನನ್ನ ಊಹೆಯನ್ನು ಬರೆಯಲಿಲ್ಲ. ಊಹೆ ಹೇಳಿಕೊಟ್ಟರೆ ‘ಹೌದು ಸರ್’ ಅನ್ನುವ ಉತ್ತರ ಬರುತ್ತದೆ, ಅಲ್ವಾ?

ವಾರದೊಳಗೆ ತಿದ್ದಿದ ಪ್ರತಿ ಬಂತು. ಒಂದು ಶಾಲೆಯನ್ನು ಕೈಬಿಟ್ಟಿದ್ದರು, ವಿವರಣೆಯಲ್ಲಿ ಅದನ್ನು ಬದಲಿಸಲು ಮರೆತಿದ್ದರಂತೆ. ಮೂರೂ ಕಡೆ 17,60,000. ಖುಷಿಯಾಗಿ ಸಹಿ ಹಾಕುವ ಮುಂಚೆ ಓಡಾಟದ ಅನುಬಂಧದ ಮೇಲೆ ಮತ್ತೊಮ್ಮೆ ಕಣ್ಣು ಹಾಯಿಸಿದೆ. ಸಂಯೋಜಕರ ಭೇಟಿ ಖರ್ಚು: 5 ಶಾಲೆ, ತಿಂಗಳಿಗೆ 2 ಭೇಟಿ, ಭೇಟಿಗೆ 300, ಹತ್ತು ತಿಂಗಳು, ಒಟ್ಟು 30,000. ಮೊತ್ತಗಳೆಲ್ಲ ತಾಳೆಯಾಗಿದ್ದವು, ಶಾಲೆಗಳು ಇನ್ನೂ ಆಗಿರಲಿಲ್ಲ. 6,000 ರೂಪಾಯಿಗಾಗಿ ಇನ್ನೊಂದು ಪತ್ರ ಬರೆದೆ.