ನಟ್ ಬಿಚ್ಚಿದರೂ ಬಿಡದ ಗಾಲಿ

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಸೆಪ್ಟೆಂಬರ್ ಬೆಳಿಗ್ಗೆ, ಮೂಡಿಗೆರೆ ಕಡೆಯ ತೋಟದಿಂದ ಭಾವ ಫೋನ್ ಮಾಡಿದರು. "ನಾಲ್ಕೂ ನಟ್ ಬಿಚ್ಚಿಟ್ಟಿದೀನಿ ಕಣಯ್ಯ, ಗಾಲಿ ಮಾತ್ರ ಜಪ್ಪಯ್ಯ ಅಂದ್ರೂ ಬರ್ತಿಲ್ಲ." ಸಣ್ಣ ಕಾರು, ಕಬ್ಬಿಣದ ರಿಮ್. ಮುಂದಿನ ಎಡಗಾಲಿ ಪಂಕ್ಚರ್. ಜೂನ್‌ನಿಂದ ಹೆಚ್ಚಾಗಿ ಶೆಡ್ಡಿನಲ್ಲೇ ನಿಂತಿದ್ದ ಗಾಡಿ. ಆ ಗಾಲಿ ಬಿಚ್ಚಿ ಎರಡು ವರ್ಷದ ಮೇಲಾಗಿತ್ತು.

ನಾನು ಮೊದಲು ಹೇಳಿದ್ದು ಒಂದೇ ಮಾತು. "ಭಾವ, ಜಾಕ್ ಮೇಲಿರೋ ಗಾಡಿಯನ್ನು ಎಳೆದಾಡಬೇಡಿ. ನಟ್‌ಗಳನ್ನು ವಾಪಸ್ ಹಾಕಿ, ನಾನು ಬರ್ತೀನಿ."

ಗಾಲಿಯನ್ನು ಹಿಡಿದಿರುವುದು ನಟ್‌ಗಳು ಮಾತ್ರ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಗಾಲಿ ಕೂರುವ ಜಾಗವನ್ನು ನೋಡಿ. ಹಬ್ ಅಂದರೆ ಒಂದು ದಪ್ಪ ಕಬ್ಬಿಣದ ತಟ್ಟೆ. ಅದರ ನಡುವೆ ಬಳೆಯಂಥ ಒಂದು ಉಬ್ಬು. ರಿಮ್ಮಿನ ನಡುವಿನ ತೂತು ಆ ಉಬ್ಬಿನ ಮೇಲೆ ಹೋಗಿ ಕೂರುತ್ತದೆ. ಗಾಲಿ ಸರಿಯಾಗಿ ನಟ್ಟನಡುವೆ ಕೂರಲಿ ಅಂತಲೇ ಈ ಜೋಡಣೆಯನ್ನು ತುಂಬ ಬಿಗಿಯಾಗಿ ಮಾಡಿರುತ್ತಾರೆ. ಎರಡರ ನಡುವೆ ಉಳಿಯುವ ಸಂದಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಆಸುಪಾಸು.

ಅಷ್ಟು ಸಣ್ಣ ಸಂದಿಗೆ ನೀರು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ, ಬತ್ತಿಗೆ ಎಣ್ಣೆ ಏರುವ ಹಾಗೆ. ಒಳಗೆ ಹೋದ ನೀರು ಬೇಗ ಆರುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಗಾಳಿಯೇ ಒದ್ದೆ. ತುಕ್ಕು ಹಿಡಿಯುವುದಕ್ಕೆ ಇನ್ನೇನು ಬೇಕು? ತುಕ್ಕಿನ ಗುಣ ಏನೆಂದರೆ, ಅದು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಕಡಿಮೆ ಅಂದರೂ ಎರಡು ಪಟ್ಟು, ನೀರು ಸೇರಿಕೊಂಡ ತುಕ್ಕಾದರೆ ಇನ್ನೂ ಹೆಚ್ಚು. ಎರಡೂ ಕಡೆ ಕೂದಲೆಳೆಗಿಂತ ತೆಳುವಾದ ಪದರ ತುಕ್ಕಾದರೂ ಸಾಕು, ಆ ಸಂದಿ ಪೂರ್ತಿ ತುಂಬಿ ಬಿಗಿದುಕೊಳ್ಳುತ್ತದೆ. ಬಾಗಿಲ ಸಂದಿಗೆ ಸುತ್ತಲೂ ಬೆಣೆ ಹೊಡೆದ ಹಾಗೆ.

ಕೈಯಲ್ಲಿ ನೇರವಾಗಿ ಎಳೆದರೆ ಇದು ಬರುವುದಿಲ್ಲ. ಗಟ್ಟಿ ಆಳು ಕೂತು ಎಳೆದರೂ ಸಿಗುವ ಬಲ ನಲವತ್ತೋ ಐವತ್ತೋ ಕಿಲೋ. ಅದೂ ಉಬ್ಬಿನ ಸುತ್ತ ಇರುವ ಅಷ್ಟೂ ತುಕ್ಕಿನ ಮೇಲೆ ಸಮವಾಗಿ ಹಂಚಿಹೋಗುತ್ತದೆ. ಆದರೆ ತುಕ್ಕಿಗೆ ಒಂದು ದೌರ್ಬಲ್ಯ ಇದೆ. ಒತ್ತಿದರೆ ಅದು ಗಟ್ಟಿ. ತಿರುಚಿದರೆ, ಓರೆ ಮಾಡಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಎಷ್ಟು ಜೋರಾಗಿ ಎಳೆದಿರಿ ಅನ್ನುವುದಕ್ಕಿಂತ ಯಾವ ದಿಕ್ಕಿಗೆ ಬಲ ಹಾಕಿದಿರಿ ಅನ್ನುವುದೇ ಇಲ್ಲಿ ಮುಖ್ಯ.

ಭಾವನ ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆ. ಒಳ್ಳೇ ಸಮತಟ್ಟಾದ ಜಾಗ. ಕಾರೂ ಅಲ್ಲೇ ನಿಂತಿತ್ತು. ಪಂಕ್ಚರ್ ಆದ ಟೈರಿಗೆ ಪಂಪಿನಲ್ಲಿ ಒಂದಿಷ್ಟು ಗಾಳಿ ತುಂಬಿದೆವು. ನಿಧಾನಕ್ಕೆ ಇಳಿಯುವ ಪಂಕ್ಚರ್ ಆದ್ದರಿಂದ ಅರ್ಧ ಗಂಟೆ ನಿಂತಿತು. ನಾಲ್ಕೂ ನಟ್ ಕೈಯಲ್ಲೇ ತಿರುಗಿಸಿ ಕೂರಿಸಿ, ಅಲ್ಲಿಂದ ಎರಡು ಸುತ್ತು ಸಡಿಲ ಮಾಡಿದೆ. ಅಂದರೆ ನಟ್ಟಿಗೂ ರಿಮ್ಮಿಗೂ ನಡುವೆ ಎರಡೂವರೆ ಮಿಲಿಮೀಟರ್‌ನಷ್ಟು ಜಾಗ. ಆಮೇಲೆ ಜಾಕ್ ಇಳಿಸಿ, ಕಾರಿನ ಭಾರವನ್ನು ಗಾಲಿಯ ಮೇಲೆ ಬಿಟ್ಟೆ.

ಈ ಎರಡು ಸುತ್ತಿನ ಸಡಿಲದಲ್ಲೇ ಎಲ್ಲಾ ಇದೆ. ನಟ್ ಬಿಗಿಯಾಗಿದ್ದಾಗ ಒಂದೊಂದೂ ಮೂರು ಟನ್‌ಗೂ ಮೀರಿದ ಬಲದಿಂದ ರಿಮ್ಮನ್ನು ಹಬ್ಬಿಗೆ ಅದುಮಿ ಹಿಡಿದಿರುತ್ತದೆ. ಬ್ರೇಕ್ ಹಾಕಿದಾಗ ಬರುವ ತಿರುಚು ಬಲವೆಲ್ಲ ಆ ಹಿಡಿತದ ಮೂಲಕವೇ ಹೋಗುತ್ತದೆ, ತುಕ್ಕಿಗೆ ಏನೂ ತಾಗುವುದಿಲ್ಲ. ಸಡಿಲ ಮಾಡಿದ ಕ್ಷಣ ಹಿಡಿದಿರುವುದು ತುಕ್ಕು ಮಾತ್ರ. ಅಷ್ಟೂ ಬಲವನ್ನು ಅದೇ ತಡೆಯಬೇಕು.

ಲೆಕ್ಕ ನೋಡಿ. ನಡೆಯುವ ವೇಗದಲ್ಲಿ ಹೋಗುತ್ತಾ ಗಕ್ಕನೆ ಬ್ರೇಕ್ ಒತ್ತಿದರೆ, ಮುಂದಿನ ಒಂದು ಗಾಲಿಯನ್ನು ನೆಲ ಸುಮಾರು 80 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ ಅಂತ ಇಟ್ಟುಕೊಳ್ಳೋಣ. ಆ ಬಲ ಬೀಳುವುದು ನಡುವಿನಿಂದ 27 ಸೆಂಟಿಮೀಟರ್ ದೂರದಲ್ಲಿ. ತುಕ್ಕು ಇರುವುದು ನಡುವಿನಿಂದ 2.7 ಸೆಂಟಿಮೀಟರ್ ದೂರದಲ್ಲಿ. ಹತ್ತು ಪಟ್ಟು ಮೀಟುಗೋಲು. ಹಾಗಾಗಿ ತುಕ್ಕಿನ ಬಳೆಯ ಮೇಲೆ ಬೀಳುವ ತಿರುಚು 800 ಕಿಲೋಗೆ ಸಮ. ಯಾರ ತೋಳಿನಲ್ಲೂ ಇಷ್ಟು ಶಕ್ತಿ ಇಲ್ಲ.

ಭಾವ ಕಾರನ್ನು ಒಂದು ಮೀಟರ್ ಮುಂದೆ ತಂದು ಬ್ರೇಕ್ ಒತ್ತಿದರು. ಏನೂ ಆಗಲಿಲ್ಲ. ಹಿಂದಕ್ಕೆ ತಂದು ಇನ್ನೊಮ್ಮೆ. ಮೂರನೇ ಸಲ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಮುಂದೆ ಬಂದರು. ಆಗ "ಟಕ್" ಅಂತ ಸದ್ದಾಯಿತು, ತೆಂಗಿನಕಾಯಿ ಚಿಪ್ಪು ಸೀಳಿದ ಹಾಗೆ. ಬಗ್ಗಿ ನೋಡಿದರೆ ರಿಮ್ ಹಬ್ಬಿನಿಂದ ಸರಿದು ನಟ್‌ಗಳಿಗೆ ತಾಗಿ ನಿಂತಿತ್ತು. ಇದೇ ಗುರುತು. ಆ ಸದ್ದು ಕೇಳಿದ ಮೇಲೆ ಗಾಡಿಯನ್ನು ಒಂದಡಿಯೂ ಓಡಿಸಬಾರದು. ಈಗ ಗಾಲಿ ಸಡಿಲ. ಓಡಿಸಿದರೆ ಹಬ್ಬಿನಿಂದ ಹೊರಚಾಚಿ ನಟ್ ಹಿಡಿಯುವ ಸ್ಟಡ್‌ಗಳ ತಿರುಪು ಗೆರೆ ಹಾಳಾಗುತ್ತದೆ, ರಿಮ್ಮಿನ ತೂತುಗಳು ಅಗಲವಾಗುತ್ತವೆ. ಈ ಕೆಲಸಕ್ಕೆ ಕಣವೋ ಅಂಗಳವೋ ಬೇಕು, ರಸ್ತೆ ಅಲ್ಲವೇ ಅಲ್ಲ.

ಹೀಗೂ ಬಿಡದಿದ್ದರೆ ಒಂದು ರಾತ್ರಿ ತಾಳ್ಮೆ ಬೇಕು. ನಡುವಿನ ಮುಚ್ಚಳ ತೆಗೆದು, ಉಬ್ಬಿನ ಅಂಚಿಗೆ ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪವೇ ಹಾಕಬೇಕು. ನೀರು ಹೋದ ದಾರಿಯಲ್ಲೇ ಆ ತೆಳು ಎಣ್ಣೆಯೂ ಒಳಗೆ ಇಳಿಯುತ್ತದೆ. ಜಾಸ್ತಿ ಹಾಕಿದರೆ ಬ್ರೇಕ್ ಡಿಸ್ಕಿಗೆ ಹರಿದು ಬ್ರೇಕೇ ಹಿಡಿಯದಂತಾಗುತ್ತದೆ. ಬೆಂಕಿ ತೋರಿಸಿ ಬಿಸಿ ಮಾಡುವವರನ್ನೂ ನೋಡಿದ್ದೇನೆ. ದಯವಿಟ್ಟು ಅದು ಬೇಡ. ಬಿಸಿಗೆ ಟೈರಿನ ಒಳಗಿನ ರಬ್ಬರ್ ಸುಟ್ಟು ಅನಿಲವಾಗಿ ಟೈರ್ ಸಿಡಿಯಬಹುದು, ಅದರಿಂದ ಜನ ಸತ್ತಿದ್ದಾರೆ. ಬೇರಿಂಗಿನ ಗ್ರೀಸೂ ಕರಗಿಹೋಗುತ್ತದೆ. ಸುತ್ತಿಗೆಯಿಂದ ರಿಮ್ಮಿಗೆ ನೇರವಾಗಿ ಹೊಡೆಯುವುದೂ ತಪ್ಪು. ಅಲ್ಯೂಮಿನಿಯಂ ಬೆರೆತ ಅಲಾಯ್ ರಿಮ್ ಆದರೆ ಬಿರುಕು ಬಿಡುತ್ತದೆ. ಅಂದ ಹಾಗೆ, ಅಲಾಯ್ ಕಚ್ಚಿಕೊಂಡಾಗ ಕೆಂಪು ತುಕ್ಕಿನ ಜೊತೆ ಬಿಳಿ ಪುಡಿಯೂ ಕಾಣುತ್ತದೆ. ಅಲ್ಯೂಮಿನಿಯಂ, ಕಬ್ಬಿಣ ಎರಡೂ ಒದ್ದೆಯಲ್ಲಿ ತಾಗಿಕೊಂಡರೆ ಮೊದಲು ಸವೆಯುವುದು ಅಲ್ಯೂಮಿನಿಯಂ. ಮಂಗಳೂರು ಕಡೆ ಸಮುದ್ರದ ಉಪ್ಪು ಗಾಳಿಗೆ ಓಡಾಡುವ ಗಾಡಿಗಳಲ್ಲಿ ಇದು ಇನ್ನೂ ಬೇಗ.

ಕಾರನ್ನು ಮತ್ತೆ ಜಾಕ್ ಮೇಲೇರಿಸಿ ನಟ್ ತೆಗೆದಾಗ ಗಾಲಿ ಸಲೀಸಾಗಿ ಬಂತು. ಹಬ್ ಮೇಲೆ ಕೆಮ್ಮಣ್ಣಿನ ಬಣ್ಣದ ಹೊಪ್ಪಳಿಕೆ. ಸ್ಟೆಪ್ನಿಯನ್ನು ಹಾಗೇ ಹಾಕುವ ಅವಸರದಲ್ಲಿದ್ದರು ಭಾವ. ತಡೆದೆ. ಆ ಹೊಪ್ಪಳಿಕೆ ಮೇಲೆ ಗಾಲಿ ಕೂರಿಸಿದರೆ ಅದು ಓರೆ ಕೂರುತ್ತದೆ. ನಾಲ್ಕು ದಿನ ಓಡಿದ ಮೇಲೆ ತುಕ್ಕು ಪುಡಿಯಾಗಿ, ಬಿಗಿದ ನಟ್ ತಾನಾಗಿ ಸಡಿಲ ಬೀಳುತ್ತದೆ. ತಂತಿ ಬ್ರಷ್‌ನಲ್ಲಿ ತಟ್ಟೆ, ಉಬ್ಬು, ರಿಮ್ಮಿನ ಒಳಮುಖ ಎಲ್ಲಾ ಉಜ್ಜಿ ಲೋಹ ಕಾಣುವಂತೆ ಮಾಡಿದೆವು. ಉಬ್ಬಿನ ಸುತ್ತ ಮಾತ್ರ, ಗಾಲಿ ಕಚ್ಚದಂತೆ ಹಚ್ಚುವ ಪೇಸ್ಟನ್ನು ಬೆರಳಲ್ಲಿ ತೆಳ್ಳಗೆ ಸವರಿದೆ. ಸ್ಟಡ್‌ನ ತಿರುಪು ಗೆರೆಗೆ, ನಟ್ ಕೂರುವ ಜಾಗಕ್ಕೆ ಹಚ್ಚಲಿಲ್ಲ. ಅಲ್ಲಿ ಜಾರಿದರೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಬಿಗಿದು ಸ್ಟಡ್ ಹಿಗ್ಗಿಹೋಗುತ್ತದೆ.

ಎದುರುಬದುರು ನಟ್‌ಗಳನ್ನು ಜೋಡಿಯಾಗಿ ಬಿಗಿದು ಕಳಿಸಿದೆ. ಮೂಡಿಗೆರೆ, ಚಿಕ್ಕಮಗಳೂರು ಅಂತ ಓಡಾಡಿ ಎಂಬತ್ತು ಕಿಲೋಮೀಟರ್ ಆದ ಮೇಲೆ ಭಾವ ಮತ್ತೆ ಪಾನಾ ಹಾಕಿ ನೋಡಿದರು. ಮೂರು ನಟ್ ಅಲ್ಲಾಡಲಿಲ್ಲ. ನಾಲ್ಕನೆಯದು ಇನ್ನೂ ಸ್ವಲ್ಪ ತಿರುಗಿ ಬಿಗಿಯಾಯಿತು.