ಕೋಳಿಯ ಕಣ್ಣಿಗೆ ಒಂದು ಹನಿ

ಜಮೀನಿಲ್ಲ, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ಇಂಥ ಮನೆಯವರು ಮೊದಲು ಏನು ಸಾಕಬೇಕು ಅಂತ ಕೇಳಿದರೆ ನಾನು ಕೋಳಿ ಅನ್ನುತ್ತೇನೆ. ಅದೂ ಶೆಡ್ಡಿನಲ್ಲಿ ಸಾವಿರಗಟ್ಟಲೆ ಸಾಕುವ ಕೋಳಿ ಅಲ್ಲ, ಮನೆ ಸುತ್ತ ತಾನೇ ಕೆದಕಿ ತಿನ್ನುವ ನಾಲ್ಕು ನಾಟಿ ಹೇಂಟೆ, ಒಂದು ಹುಂಜ. ಮೇಕೆ ಒಳ್ಳೆಯದೇ, ಆದರೆ ಅದು ಗಬ್ಬವಾದ ಮೇಲೆ ಮರಿ ಹಾಕಲು 5 ತಿಂಗಳು ಬೇಕು, ಆ ಮರಿ ದೊಡ್ಡದಾಗುವ ತನಕ ಇನ್ನಷ್ಟು ಕಾಯಬೇಕು, ಮತ್ತೆ ಎರಡು ಮೇಕೆಯಲ್ಲಿ ಒಂದು ಸತ್ತರೆ ಅರ್ಧ ಬಂಡವಾಳವೇ ಹೋಯಿತು. ಮೀನಿಗೆ ನೀರು ಬೇಕು, ನೀರು ನಿಲ್ಲಲು ಜಾಗ ಬೇಕು. ರಾತ್ರಿಯೆಲ್ಲ ಪಾಚಿಯೂ ಮೀನೂ ಸೇರಿ ಆಮ್ಲಜನಕ ಎಳೆದುಕೊಂಡು ಬೆಳಗಿನ ಜಾವಕ್ಕೆ ಅದು ಖಾಲಿಯಾದರೆ ಕೊಳದ ಮೀನೆಲ್ಲ ಒಂದೇ ಸಲ ತೇಲುತ್ತವೆ. ಕೋಳಿ ಹಾಗಲ್ಲ. ಮೊಟ್ಟೆ ಒಡೆಯಲು 21 ದಿನ, ಅಷ್ಟೆ.

ಹಾಗಿದ್ದರೆ ಎಲ್ಲರ ಮನೆಯಲ್ಲೂ ಕೋಳಿ ತುಂಬಿ ತುಳುಕಬೇಕಿತ್ತಲ್ವಾ? ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕು ಹೇಂಟೆ, ಪ್ರತಿಯೊಂದೂ ವರ್ಷಕ್ಕೆ ಮೂರು ಸಲ ಸುಮಾರು 12 ಮೊಟ್ಟೆ ಇಟ್ಟು ಕಾವು ಕೂರುತ್ತದೆ ಅಂದುಕೊಳ್ಳಿ. ಒಟ್ಟು 144 ಮೊಟ್ಟೆ. ಹತ್ತರಲ್ಲಿ ಎಂಟು ಒಡೆದರೂ 115 ಮರಿ. ಹದ್ದು, ಕಾಗೆ, ಮುಂಗುಸಿ, ಮಳೆ, ಚಳಿ, ಹಸಿವು ಎಲ್ಲ ಸೇರಿ ಎರಡು ತಿಂಗಳೊಳಗೆ ಮೂರರಲ್ಲಿ ಎರಡನ್ನು ಕಿತ್ತುಕೊಂಡವು ಅನ್ನಿ, ಇದು ಸುಮ್ನೆ ಹೆದರಿಸಲು ಹೇಳಿದ ಮಾತಲ್ಲ, ಏನೂ ಜೋಪಾನ ಮಾಡದೆ ಬಿಟ್ಟ ಕಡೆ ಹೀಗೇ ಆಗುತ್ತದೆ. ಆದರೂ 38 ಉಳಿದವು. ನಾಲ್ಕು ಇದ್ದದ್ದು ನಲವತ್ತು ಆಯಿತು! ಆದರೆ ವರ್ಷದ ಕೊನೆಯಲ್ಲಿ ಅಂಗಳದಲ್ಲಿ ನೋಡಿದರೆ ಮತ್ತೆ ನಾಲ್ಕೋ ಆರೋ ಕೋಳಿ. ಉಳಿದವು ಒಂದೇ ವಾರದಲ್ಲಿ ಹೋದವು.

ಆ ವಾರಕ್ಕೆ ಜನ ಕೊಡುವ ಕಾರಣಗಳು ಬೇಕಾದಷ್ಟಿವೆ. ಗಾಳಿ ಬದಲಾಯಿತು, ಬಿಸಿಲು ಹೆಚ್ಚಾಯಿತು, ಯಾರದ್ದೋ ಕಣ್ಣು ಬಿತ್ತು, ನಮ್ಮ ಮನೆಗೆ ಕೋಳಿ ಆಗಿಬರಲ್ಲ. ಈ ಕೊನೆಯ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಹಾಗೆ ಹೇಳಿದವರು ಮತ್ತೆ ಕೋಳಿ ಸಾಕುವುದಿಲ್ಲ. ಬಹಳ ಸಲ ನಿಜವಾದ ಕಾರಣಕ್ಕೆ ಒಂದು ಹೆಸರಿದೆ: ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿ ಕಾಣಿಸಿತು, ಅದೇ ಸುಮಾರಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಬಳಿಯ ಕೋಳಿಗಳಲ್ಲೂ ಬಂತು. ಅಲ್ಲಿ ಅದನ್ನು ಅಧ್ಯಯನ ಮಾಡಿದ ಡಾಯ್ಲ್ ಎಂಬ ವಿಜ್ಞಾನಿ ಊರಿನ ಹೆಸರನ್ನೇ ರೋಗಕ್ಕೆ ಇಟ್ಟ. ಅದರ ಹಿಂದೆಯೇ ಹಿಮಾಲಯದ ರಾಣಿಖೇತ್‌ನಲ್ಲಿ ಸಿಕ್ಕಿತು, ಹಾಗಾಗಿ ನಮ್ಮ ಪಶುವೈದ್ಯರು ರಾಣಿಖೇತ್ ರೋಗ ಅಂತಲೇ ಕರೆಯುತ್ತಾರೆ. ಪಾಪ, ಆ ಎರಡು ಊರು ಏನು ತಪ್ಪು ಮಾಡಿದ್ದವೋ.

ಇದನ್ನು ಗುರುತಿಸುವುದು ಹೇಗೆ? ಕೋಳಿ ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತದೆ, ಹಸಿರು ನೀರಿನಂಥ ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರು ಎಳೆಯುತ್ತದೆ. ಎರಡು ಮೂರು ದಿನ ಬದುಕಿದ ಕೋಳಿಯ ಕತ್ತು ತಿರುಚಿಕೊಳ್ಳುತ್ತದೆ, ಅದು ತಲೆ ಮೇಲೆ ಮಾಡಿಕೊಂಡು ಆಕಾಶ ನೋಡುವಂತೆ ಸುತ್ತುತ್ತದೆ. ಮರಿ, ಹುಂಜ, ಹೇಂಟೆ ಅನ್ನದೆ ಸಾಯುತ್ತವೆ. ಹಕ್ಕಿಜ್ವರ ಬಂದರೂ ಹೀಗೇ ಕಾಣಬಹುದು, ಆದ್ದರಿಂದ ಒಟ್ಟಿಗೆ ತುಂಬ ಕೋಳಿ ಸತ್ತರೆ ಪಶುವೈದ್ಯರಿಗೆ ಹೇಳಲೇಬೇಕು. ಮೆಡಿಕಲ್ ಶಾಪಿನ ಮಾತ್ರೆ ಪುಡಿಮಾಡಿ ತಿನ್ನಿಸುವುದರಿಂದ ಏನೂ ಆಗಲ್ಲ. ಇದು ವೈರಸ್, ಬಂದ ಮೇಲೆ ಔಷಧಿ ಇಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇದೇ ವೈರಸ್ಸಿನ ಕೆಲವು ತಳಿಗಳು ಕೋಳಿಗೆ ಏನೂ ಮಾಡುವುದಿಲ್ಲ. ಹೊಟ್ಟೆಯಲ್ಲಿ, ಗಂಟಲಲ್ಲಿ ಸುಮ್ನೆ ಇದ್ದು ಹೋಗುತ್ತವೆ. ಒಂದೇ ವೈರಸ್ ಒಮ್ಮೆ ಯಮ, ಒಮ್ಮೆ ಅತಿಥಿ ಆಗುವುದು ಹೇಗೆ?

ವೈರಸ್ಸಿನ ಮೈಮೇಲೆ ಒಂದು ಪ್ರೋಟೀನ್ ಇದೆ, ಕೋಳಿಯ ಜೀವಕೋಶದೊಳಗೆ ನುಗ್ಗಲು ಅದೇ ಆಯುಧ. ಆದರೆ ಆ ಪ್ರೋಟೀನನ್ನು ಒಂದು ಜಾಗದಲ್ಲಿ ಕತ್ತರಿಸಿದ ಮೇಲೆಯೇ ಅದು ಕೆಲಸ ಮಾಡುವುದು. ಕತ್ತರಿ ವೈರಸ್ಸಿನ ಹತ್ತಿರ ಇಲ್ಲ, ಅದನ್ನು ಕೋಳಿಯ ಮೈಯಿಂದಲೇ ಎರವಲು ಪಡೆಯಬೇಕು. ಚೀಲದ ಬಾಯಿ ಹೊಲಿದಿದೆ ಅಂದುಕೊಳ್ಳಿ, ಹೊಲಿಗೆ ಬಿಚ್ಚುವ ಕತ್ತರಿ ಕೋಳಿಯದ್ದು. ಸಾಧು ತಳಿಯ ಹೊಲಿಗೆಯನ್ನು ಬಿಚ್ಚುವ ಕತ್ತರಿ ಗಂಟಲಲ್ಲಿ ಮತ್ತು ಕರುಳಲ್ಲಿ ಮಾತ್ರ ಸಿಗುತ್ತದೆ. ಕೊಲ್ಲುವ ತಳಿಯ ಹೊಲಿಗೆ ಸ್ವಲ್ಪ ಬೇರೆ ಥರ, ಅದನ್ನು ಬಿಚ್ಚುವ ಕತ್ತರಿ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶದಲ್ಲೂ ಇದೆ, ಮಿದುಳಲ್ಲೂ. ಕತ್ತು ತಿರುಚುವುದು ಅದಕ್ಕೇ. ಇನ್ನೊಂದು ಥರ ಹೇಳುತ್ತೇನೆ. ಬೆಂಕಿಕಡ್ಡಿಯನ್ನು ಅದರ ಪೊಟ್ಟಣದ ಬದಿಗೆ ಗೀರಿದರೆ ಮಾತ್ರ ಹೊತ್ತುತ್ತದೆ. ಹಿಂದೆ ಇನ್ನೊಂದು ಬಗೆಯ ಕಡ್ಡಿ ಇತ್ತು, ಗೋಡೆಗೆ, ಕಲ್ಲಿಗೆ, ಚಪ್ಪಲಿಗೆ ಎಲ್ಲಿ ಗೀರಿದರೂ ಹೊತ್ತುತ್ತಿತ್ತು. ಸಾಧು ತಳಿ ಮೊದಲನೆಯದು, ಕೊಲ್ಲುವ ತಳಿ ಎರಡನೆಯದು. ಎರಡರ ನಡುವಿನ ಅಂತರ ಪ್ರೋಟೀನಿನ ಆ ಒಂದು ಜಾಗದ ಕೆಲವೇ ಅಮೈನೋ ಆಮ್ಲ!

ಸಾಧು ತಳಿಯೇ ಲಸಿಕೆ. ಅದು ಗಂಟಲಲ್ಲಿ ಬೆಳೆಯುತ್ತದೆ, ಕೋಳಿಯ ಮೈ ಅದನ್ನು ನೋಡಿ ಕಲಿಯುತ್ತದೆ, ಆಮೇಲೆ ಕೊಲೆಗಡುಕ ಬಂದರೆ ಬಾಗಿಲಲ್ಲೇ ಗುರುತು ಹಿಡಿಯುತ್ತದೆ. ಅಂದ ಹಾಗೆ, ಪ್ರಯೋಗಾಲಯದಲ್ಲಿ ಬೇಕೆಂದೇ ದುರ್ಬಲಗೊಳಿಸಿದ ರೋಗಾಣುವಿನ ಮೊದಲ ಲಸಿಕೆ ಬಂದದ್ದೂ ಕೋಳಿಗೇ. 1879ರ ಸುಮಾರಿಗೆ ಲೂಯಿ ಪಾಶ್ಚರ್ ಕೋಳಿ ಕಾಲರಾದ ರೋಗಾಣುವನ್ನು ಹಳತಾಗಲು ಬಿಟ್ಟು ಅದರ ವಿಷ ಇಳಿಸಿದ್ದ. ಅದು ಬೇರೆ ರೋಗ, ಬ್ಯಾಕ್ಟೀರಿಯಾದ್ದು.

ಕೊಕ್ಕರೆ ರೋಗದ ಹೆಚ್ಚಿನ ಲಸಿಕೆಗಳ ಕಷ್ಟ ಅಂದರೆ ತಣ್ಣಗೆ ಇಡಬೇಕು, ಫ್ರಿಜ್ಜಿನಿಂದ ಹೊರಗೆ ಬಿಸಿಯಲ್ಲಿ ಉಳಿದರೆ ಬಾಟಲಿಯೊಳಗಿನ ವೈರಸ್ ಸಾಯುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಸತ್ತ ಲಸಿಕೆ ಹಾಕಿ, ಕೋಳಿ ಸತ್ತ ಮೇಲೆ 'ಲಸಿಕೆ ಹಾಕಿಸಿದ್ದಕ್ಕೇ ಸತ್ತವು' ಅನ್ನುವ ಮಾತು ಹುಟ್ಟುವುದು ಹೀಗೆಯೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಎಂಬವರು ಇದಕ್ಕೆ ಒಂದು ದಾರಿ ಹುಡುಕಿದರು. ಶಾಖ ಕೊಟ್ಟು, ಅದರಲ್ಲೂ ಬದುಕಿ ಉಳಿದ ಸಾಧು ವೈರಸ್ಸನ್ನೇ ಆರಿಸಿ ಬೆಳೆಸಿದರು. ಆ ಬಗೆಯ ಐ-2 ಲಸಿಕೆಯನ್ನು ಒಣಗಿಸಿ ಕತ್ತಲಲ್ಲಿ ಇಟ್ಟರೆ ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಬದುಕಿರುತ್ತದೆ. ಹಾಗಂತ ಬಿಸಿಲಲ್ಲಿ ಇಡಬಹುದು ಅಂತಲ್ಲ.

ಹಾಕುವುದು ಕಣ್ಣಿಗೆ. ಒಂದು ಕೋಳಿಗೆ ಒಂದು ಹನಿ. ಮರಿಗೂ ಒಂದೇ ಹನಿ, ದೊಡ್ಡ ಹುಂಜಕ್ಕೂ ಒಂದೇ ಹನಿ, ಯಾಕೆಂದರೆ ಲಸಿಕೆ ತಾನೇ ಒಳಗೆ ಹೆಚ್ಚಿಕೊಳ್ಳುತ್ತದೆ. ಕಣ್ಣಿನ ಹಿಂದೆ ಕೋಳಿಗೆ ಒಂದು ಗ್ರಂಥಿ ಇದೆ, ರೋಗ ತಡೆಯುವ ಕೋಶಗಳು ಅಲ್ಲಿ ಗುಂಪಾಗಿರುತ್ತವೆ. ಹನಿ ಅಲ್ಲಿ ಮುಟ್ಟಿ, ಕಣ್ಣೀರಿನ ದಾರಿಯಲ್ಲಿ ಮೂಗಿಗೂ ಗಂಟಲಿಗೂ ಇಳಿಯುತ್ತದೆ. ರಾತ್ರಿ ಕೋಳಿ ಕೂತ ಮೇಲೆ ಹಿಡಿಯುವುದು ಸುಲಭ. ತಲೆ ಒಂದು ಬದಿಗೆ ಮಾಡಿ ಹನಿ ಬಿಟ್ಟು, ಕೋಳಿ ಕಣ್ಣು ಮಿಟುಕಿಸುವ ತನಕ ಹಿಡಿದಿರಿ.

ಎಡವುವುದು ಸಣ್ಣ ವಿಷಯಗಳಲ್ಲಿ. ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಕಲಸಿದರೆ ವೈರಸ್ ಸಾಯುತ್ತದೆ, ಲಸಿಕೆ ಜೊತೆ ಬಂದ ದ್ರಾವಣ ಬಳಸಿ. ಡ್ರಾಪರ್ ಬೇರೆ ಸಿಕ್ಕಿದರೆ ಒಂದು ಮಿಲಿಲೀಟರಿಗೆ ಎಷ್ಟು ಹನಿ ಬೀಳುತ್ತದೆ ಅಂತ ಮೊದಲೇ ಎಣಿಸಿ, ಹನಿ ದಪ್ಪವಾದರೆ ಕೊನೆಯ ಕೋಳಿಗಳಿಗೆ ಲಸಿಕೆ ಉಳಿಯುವುದಿಲ್ಲ. ಕಲಸಿದ ಮೇಲೆ ಹೊತ್ತು ಕಳೆಯುವಂತಿಲ್ಲ, ನಾಳೆಗೆ ಇಡುವುದಂತೂ ಬೇಡ. ಬಾಟಲಿಯಲ್ಲಿ ಸಾಮಾನ್ಯವಾಗಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ನಿಮ್ಮ ಹತ್ತಿರ ಇರುವುದು ಐದು ಕೋಳಿ. ಆದ್ದರಿಂದ ಅಕ್ಕಪಕ್ಕದ ಮನೆಗಳೆಲ್ಲ ಸೇರಿ ಒಂದೇ ದಿನ ಹಾಕಿಸಬೇಕು. ಖರ್ಚು ಹಂಚಿಹೋಗುತ್ತದೆ, ಪಕ್ಕದ ಮನೆಯಿಂದ ರೋಗ ಬರುವ ದಾರಿಯೂ ಕಿರಿದಾಗುತ್ತದೆ.

ಒಮ್ಮೆ ಹಾಕಿದರೆ ಆಯಿತು ಅನ್ನುವ ಹಾಗಿಲ್ಲ. ರಕ್ಷಣೆ ಬರಲು ಒಂದೆರಡು ವಾರ ಬೇಕು, ಬಂದದ್ದು ತಿಂಗಳುಗಳಲ್ಲಿ ಸವೆಯುತ್ತದೆ, ಈ ನಡುವೆ ಹೊಸ ಮರಿಗಳು ಹುಟ್ಟುತ್ತಲೇ ಇರುತ್ತವೆ. ಅದಕ್ಕೆ ನಾಲ್ಕು ತಿಂಗಳಿಗೊಮ್ಮೆ ಹಾಕುವುದು. ಪ್ರತಿ ವರ್ಷ ರೋಗ ಬರುವ ಕಾಲ ನಿಮಗೆ ಗೊತ್ತಿದ್ದರೆ ಅದಕ್ಕೆ ಒಂದು ತಿಂಗಳು ಮೊದಲು ಒಂದು ಸರದಿ ಬೀಳುವಂತೆ ಲೆಕ್ಕ ಹಾಕಿ. ರೋಗ ಆಗಲೇ ಹಿಡಿದಿರುವ ಕೋಳಿಗೆ ಹಾಕಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ರೋಗ ಶುರುವಾದ ಊರಲ್ಲಿ ಜನ ಗಾಬರಿಯಿಂದ ಕೋಳಿಯನ್ನು ಅಗ್ಗಕ್ಕೆ ಮಾರುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಆ ಕೋಳಿಯೇ ವೈರಸ್ಸನ್ನು ಹೊತ್ತು ತರುತ್ತದೆ. ಎಲ್ಲಿಂದ ತಂದರೂ ಎರಡು ವಾರ ಬೇರೆ ಕಡೆ ಕಟ್ಟಿಹಾಕಿ.

ಇಷ್ಟು ಮಾಡಿದರೆ ಕೋಳಿ ಉಳಿಯುತ್ತದೆ. ಉಳಿದ ಕೂಡಲೇ ಹೊಸ ಸಮಸ್ಯೆ ಶುರು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಜಮೀನಿಲ್ಲದ ಮನೆಯ ಕೋಳಿ ತಿನ್ನುವುದು ಚೆಲ್ಲಿದ ಕಾಳು, ಮುಸುರೆ, ಹುಳ, ಗೆದ್ದಲು. ಅದು ದಿನಕ್ಕೆ ಇಷ್ಟೇ ಅಂತ ಇರುತ್ತದೆ. ಹತ್ತು ಕೋಳಿಗೆ ಆಗುವ ಮೇವನ್ನು ನಲವತ್ತು ಕೋಳಿ ಹಂಚಿಕೊಂಡರೆ ಮೊಟ್ಟೆ ಹೆಚ್ಚಾಗುವುದಿಲ್ಲ, ನಿಂತುಹೋಗುತ್ತದೆ. ಹಾಗಾಗಿ ಮೊದಲಿನ ಲೆಕ್ಕವನ್ನೇ ತಿರುಗಿಸಬೇಕು. ಹನ್ನೆರಡು ಸಲ ಕಾವು ಕೂರಿಸುವ ಬದಲು ಐದು ಸಲ ಕೂರಿಸಿ. ಒಂದೊಂದಕ್ಕೆ 12ರಂತೆ 60 ಮೊಟ್ಟೆ, 48 ಮರಿ. ಮೊದಲ ವಾರಗಳಲ್ಲಿ ತಾಯಿ ಜೊತೆ ಮಂಕರಿ ಕೆಳಗೆ ಮುಚ್ಚಿಟ್ಟು, ಮರಿಗೆ ಮಾತ್ರ ನುಸುಳಲು ಆಗುವಂಥ ಕಂಡಿಯೊಳಗೆ ನುಚ್ಚು ಮತ್ತು ಗೆದ್ದಲು ಇಟ್ಟರೆ ಮೂರರಲ್ಲಿ ಎರಡು ಉಳಿಯಬಹುದು, ಅಂದರೆ 32. ಉಳಿದ ಏಳು ಸಲದ ಮೊಟ್ಟೆ ತಿನ್ನಲು, ಮಾರಲು. ಮರಿ ನೋಡುವ ಕೆಲಸ ಇಲ್ಲದ ಹೇಂಟೆ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ ಅನ್ನುವುದು ಇನ್ನೊಂದು ಲಾಭ. 32ರಲ್ಲಿ ಸುಮಾರು ಅರ್ಧ ಹುಂಜಗಳು, ಮಾರುವಷ್ಟು ಬೆಳೆದ ಕೂಡಲೇ ಅವನ್ನು ಕಳಿಸಿಬಿಡಿ. ಇಟ್ಟುಕೊಂಡರೆ ಹೇಂಟೆಯ ಮೇವನ್ನು ಅವೇ ತಿನ್ನುತ್ತವೆ.

ಎಷ್ಟು ಕೋಳಿ ಇಟ್ಟುಕೊಳ್ಳಬಹುದು ಅಂತ ತಿಳಿಯಲು ತಕ್ಕಡಿ ಬೇಡ. ಸಂಜೆ ಗೂಡಿಗೆ ಬಂದ ಹೇಂಟೆಯನ್ನು ಹಿಡಿದು ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಮೆಲ್ಲಗೆ ಒತ್ತಿ. ದುಂಡಗೆ ತುಂಬಿದ್ದರೆ ಸರಿ. ಎರಡು ಮೂರು ಸಂಜೆ, ಬೇರೆ ಬೇರೆ ಕೋಳಿಯಲ್ಲಿ, ಅದು ಜೋತುಬಿದ್ದು ಖಾಲಿ ಇದ್ದರೆ ಅಂಗಳಕ್ಕೆ ಕೋಳಿ ಜಾಸ್ತಿಯಾಗಿವೆ. ಆ ವಾರವೇ ಎರಡು ಹುಂಜ ಮಾರಿ, ಮುಂದಿನ ವಾರ ಮತ್ತೆ ಒತ್ತಿ ನೋಡಿ.