ಎಂಗಲ್ಫಿಂಗ್ ಮತ್ತು ಡೋಜಿ: ಕ್ಯಾಂಡಲ್ ಎಲ್ಲಿ ಬಂತು ಅನ್ನೋದೇ ಮುಖ್ಯ

ಶುರುವಾದ ಬೆಲೆ, ಮುಗಿದ ಬೆಲೆ, ಗರಿಷ್ಠ, ಕನಿಷ್ಠ: ಷೇರಿನ ಬೆಲೆ ಚಾರ್ಟ್‌ನ ಒಂದು ಕ್ಯಾಂಡಲ್ ಹೇಳುವುದು ಇಷ್ಟನ್ನೇ. ಬೆಲೆ ಎಷ್ಟೇ ಓಡಾಡಿ ಕೊನೆಗೆ ಶುರುವಾದ ಕಡೆಗೇ ಬಂದು ನಿಂತರೆ ಅದು ಡೋಜಿ. ಶುರು ಮತ್ತು ಮುಕ್ತಾಯದ ನಡುವಿನ ಬಾಡಿ ಬರೀ ಗೆರೆಯಷ್ಟಿರುತ್ತದೆ. ಎಂಗಲ್ಫಿಂಗ್‌ಗೆ ಎರಡು ಕ್ಯಾಂಡಲ್ ಬೇಕು. ಎರಡನೆಯದರ ಬಾಡಿ, ಬಣ್ಣ ಬದಲಿಸಿ, ಮೊದಲನೆಯದರ ಬಾಡಿಯನ್ನು ಪೂರ್ತಿ ನುಂಗಿರಬೇಕು. ಬಾಲಗಳನ್ನು ನುಂಗಲೇಬೇಕೆಂದಿಲ್ಲ.

ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳಿ. 530ರಿಂದ ಇಳಿಯುತ್ತಾ ಬಂದಿದೆ. 480ರ ಆಸುಪಾಸಿನಲ್ಲಿ ಹಿಂದೆ ಎರಡು ಸಲ ಮೇಲೆದ್ದಿತ್ತು. ಮೊದಲ ದಿನ 488ಕ್ಕೆ ಶುರುವಾಗಿ 484ಕ್ಕೆ ಮುಗಿಯಿತು. ಮರುದಿನ 483ಕ್ಕೆ ಶುರುವಾಗಿ, 478ರವರೆಗೆ ಜಾರಿ, 496 ಮುಟ್ಟಿ, 494ಕ್ಕೆ ಮುಗಿಯಿತು. ಬುಲಿಶ್ ಎಂಗಲ್ಫಿಂಗ್. ಈಗ ಎರಡೂ ದಿನವನ್ನು ಸೇರಿಸಿ ಒಂದೇ ಕ್ಯಾಂಡಲ್ ಮಾಡಿ ನೋಡಿ: 488ಕ್ಕೆ ಶುರು, 494ಕ್ಕೆ ಮುಕ್ತಾಯ, ಕೆಳಗೆ 478ರವರೆಗೆ ಉದ್ದದ ಬಾಲ. 480 ಒಡೆದಾಗ ಅಲ್ಲಿ ಸ್ಟಾಪ್‌ಲಾಸ್ ಇಟ್ಟವರು ಹೊರಬಿದ್ದಿರಬಹುದು, ಆದರೂ ಬೆಲೆ ಕೆಳಗೇ ಉಳಿಯದೆ ಮೇಲೆ ಬಂತು. ಅರ್ಥ ಇರುವುದು ಈ ವಾಪಸಾತಿಯಲ್ಲಿ. ವಾಲ್ಯೂಮ್ 20 ದಿನದ ಸರಾಸರಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

ಇದೇ ಆಕಾರ 505ರಲ್ಲಿ, 480 ಮತ್ತು 530ರ ನಟ್ಟನಡುವೆ ಬಂದಿದ್ದರೆ? ಅಲ್ಲಿ ಯಾರೂ ಕಾಪಾಡಿಕೊಳ್ಳುತ್ತಿದ್ದ ಬೆಲೆಯಿಲ್ಲ, ತಪ್ಪಾಯಿತೆಂದು ಒಪ್ಪಿಕೊಳ್ಳುವ ಜಾಗವೂ ಸ್ಪಷ್ಟವಿಲ್ಲ. ಬಿಟ್ಟುಬಿಡುವುದೇ ಲೇಸು.

ಸರಿಯಾದ ಜಾಗದಲ್ಲಿ ಬಂದರೂ ಲೆಕ್ಕ ಕೈಕೊಡಬಹುದು. 496ಕ್ಕೆ ಕೊಂಡು 478ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 18 ರೂಪಾಯಿ. ಮೇಲೆ 512ರಲ್ಲಿ ರೆಸಿಸ್ಟೆನ್ಸ್ ಇದ್ದರೆ ಸಿಗುವುದು 16. ಕ್ಯಾಂಡಲ್ ದೊಡ್ಡದಾದಷ್ಟೂ ನೋಡಲು ಚೆಂದ, ಸ್ಟಾಪ್‌ಲಾಸ್ ಮಾತ್ರ ದೂರ! ಬೆಲೆ 488ಕ್ಕೆ ಇಳಿಯಲಿ ಎಂದು ಕಾದರೆ ಅಪಾಯ 10, ಲಾಭ 24. ಇಳಿಯದಿದ್ದರೆ ಆ ಟ್ರೇಡ್ ನಮ್ಮದಲ್ಲ.

ಡೋಜಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದು ತಿರುವಿನ ಸೂಚನೆಯಲ್ಲ. ಕೊಳ್ಳುವವರೂ ಮಾರುವವರೂ ಸಮಬಲವಾಗಿ ನಿಂತರು ಅಷ್ಟೆ. 480ರಲ್ಲಿ ಡೋಜಿ ಬಂದರೆ ಮರುದಿನ ಅದರ ಗರಿಷ್ಠದ ಮೇಲೆ ಮುಕ್ತಾಯವಾಗುತ್ತದೋ, ಕನಿಷ್ಠದ ಕೆಳಗೋ ನೋಡಿಯೇ ಮುಂದಿನ ಮಾತು. ವಹಿವಾಟೇ ಇಲ್ಲದ ಷೇರುಗಳಲ್ಲಿ ಡೋಜಿ ದಿನವೂ ಕಾಣುತ್ತದೆ. ಅಲ್ಲಿ ಜಗ್ಗಾಟವೇ ನಡೆದಿರುವುದಿಲ್ಲ. ಎನ್‌ಎಸ್‌ಇಯ ಒಂದು ಗಂಟೆಯ ಚಾರ್ಟ್‌ನಲ್ಲೂ ಇಂಥದ್ದೊಂದು ಮೋಸವಿದೆ. ವಹಿವಾಟು 9:15ರಿಂದ 3:30ರವರೆಗೆ ಇರುವುದರಿಂದ, 9:15ರಿಂದ ಎಣಿಸಿದರೆ ದಿನದ ಕೊನೆಯ ಕ್ಯಾಂಡಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಅದು ಪುಟ್ಟದಾಗಿ ಡೋಜಿಯಂತೆ ಕಂಡರೆ, ಅನೇಕ ಸಲ ಕಾರಣ ಗಡಿಯಾರ.